5 ಕಿ.ಮೀ. ರೇಸ್‌ಗೆ ಹನ್ನೆರಡು ವಾರ: ಸ್ಪೀಡ್, ಥ್ರೆಶೋಲ್ಡ್, ಈಸಿ ಓಟ ಹೇಗೆ ಹೊಂದಿಸೋದು?

ಕೆರೆ ಏರಿ, ಮೈಸೂರು

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ಭಾನುವಾರ ನಡೆಯುವ ಒಂದು 5 ಕಿ.ಮೀ. ರಸ್ತೆ ಓಟಕ್ಕೆ ಹೆಸರು ಕೊಟ್ಟಿದ್ದೇನೆ. ಕೈಯಲ್ಲಿ ಹನ್ನೆರಡು ವಾರ ಇದೆ. ವಯಸ್ಸು 36. ಹೋದ ತಿಂಗಳು ಇದೇ ದೂರವನ್ನು 22:30ಕ್ಕೆ ಮುಗಿಸಿದೆ. ಈ ಸಲ 21 ನಿಮಿಷದ ಒಳಗೆ ಬರಬೇಕು ಅಂತ ಆಸೆ. ಅಂದರೆ ಕಿಲೋಮೀಟರ್‌ಗೆ 4:12.

ಈಗ ವಾರಕ್ಕೆ ಐದು ದಿನ ಓಡುತ್ತೇನೆ, ಒಟ್ಟು 35 ಕಿ.ಮೀ. ಆಗುತ್ತದೆ. ಕುಕ್ಕರಹಳ್ಳಿ ಕೆರೆ ಸುತ್ತ ಈಸಿ ಓಟ, ಒಂದು ದಿನ ಟ್ರ್ಯಾಕ್. ಮುಂದಿನ ಹನ್ನೆರಡು ವಾರಕ್ಕೆ ಹೀಗೆ ಯೋಚಿಸಿದ್ದೇನೆ. ಮಂಗಳವಾರ 400 ಮೀಟರ್ ಹತ್ತು ಸಲ. ಗುರುವಾರ 6 ಕಿ.ಮೀ. ಥ್ರೆಶೋಲ್ಡ್, 4:35ರ ವೇಗದಲ್ಲಿ. ಶನಿವಾರ 1 ಕಿ.ಮೀ. ಐದು ಸಲ, 4:12ಕ್ಕೆ. ಭಾನುವಾರ 14 ಕಿ.ಮೀ. ಉದ್ದ ಓಟ. ಮಿಕ್ಕ ಒಂದು ದಿನ ಈಸಿ.

ಸುಮಾರು ಇದೇ ಥರ ಓಡಿಕೊಂಡು ಬಂದಿದ್ದೇನೆ, ಆದರೆ ಸಮಯ ಕೆಳಗೆ ಇಳಿಯುತ್ತಿಲ್ಲ. ಭಾನುವಾರ ಬರುವಷ್ಟರಲ್ಲಿ ಕಾಲು ಎತ್ತೋಕೆ ಆಗಲ್ಲ. ಮೂರನ್ನೂ ಹೇಗೆ ಹೊಂದಿಸಬೇಕು, ತಿಳಿದವರು ಹೇಳಿ.

ಮಿಂಚು 400, ಬೆಂಗಳೂರು

ಗುರು, 5 ಕಿ.ಮೀ. ಅಂದ್ರೆ ಸ್ಪೀಡ್. ಮ್ಯಾರಥಾನ್ ಅಲ್ವಲ್ಲ! ನೀವು 400 ಮೀಟರ್ ಎಷ್ಟರಲ್ಲಿ ಓಡ್ತೀರ ಅಂತ ಬರೆದೇ ಇಲ್ಲ. 95 ಸೆಕೆಂಡಿಗೆ ಹನ್ನೆರಡು ಸಲ ಹೊಡೀರಿ. 95ಕ್ಕೆ ಒಗ್ಗಿಕೊಂಡ ಕಾಲಿಗೆ ರೇಸ್‌ನ 101 ಸೆಕೆಂಡ್ ಸುಲಭ ಅನ್ಸುತ್ತೆ. 14 ಕಿ.ಮೀ. ಉದ್ದ ಓಟ ತೆಗೆದುಹಾಕಿ, ಅದು ನಿಮ್ಮನ್ನ ನಿಧಾನ ಮಾಡ್ತಿದೆ. ನಾನು ಕಾಲೇಜಲ್ಲಿ 800 ಮೀಟರ್ ಓಡುತ್ತಿದ್ದೆ. ವೇಗ ಇದ್ದರೆ ಮಿಕ್ಕಿದ್ದೆಲ್ಲ ಹಿಂದೆ ಬರುತ್ತೆ.

ಬೆಳಗಿನ ನಡಿಗೆ, ದಾವಣಗೆರೆ

ನನಗೂ ಇದೇ ಬೇಕಿತ್ತು. ವಯಸ್ಸು 52, ದಿನಾ ಅರ್ಧ ಗಂಟೆ ನಡೆಯುತ್ತೇನೆ. ಹನ್ನೆರಡು ವಾರದಲ್ಲಿ ನಿಲ್ಲದೆ 5 ಕಿ.ಮೀ. ಓಡೋಕೆ ಆಗುತ್ತಾ? ಮೊದಲ ವಾರ ಎಷ್ಟು ಓಡಬೇಕು?

ಪಿ.ಇ. ಮೇಷ್ಟ್ರು, ತುಮಕೂರು

ಬೆಳಗಿನ ನಡಿಗೆಯವರೇ, ಇಲ್ಲಿನ ಲೆಕ್ಕ ನಿಮಗೆ ಹೊಂದಲ್ಲ. ಇದು ಈಗಾಗಲೇ ಓಡುತ್ತಿರುವವರು ಸಮಯ ಕಡಿಮೆ ಮಾಡಿಕೊಳ್ಳುವ ವಿಷಯ. ನೀವು ವಾರಕ್ಕೆ ಮೂರು ದಿನ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ ಅಂತ ಶುರು ಮಾಡಿ. ಬಿಪಿ, ಸಕ್ಕರೆ, ಎದೆಯ ತೊಂದರೆ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬೇರೆ ಎಳೆ ಶುರು ಮಾಡಿ, ಅಲ್ಲಿಗೆ ಬಂದು ಬರೆಯುತ್ತೇನೆ.

ಕೆರೆ ಏರಿಯವರೇ, ನಿಮ್ಮ ತೊಂದರೆ ಗುರುವಾರದಲ್ಲಿದೆ. 22:30 ಓಡುವವರು 10 ಕಿ.ಮೀ. ರೇಸನ್ನು ಸುಮಾರು 46:45ಕ್ಕೆ ಮುಗಿಸಬಹುದು. ಅಂದರೆ 4:40ರ ವೇಗ. ನೀವು ಥ್ರೆಶೋಲ್ಡ್ ಅಂತ ಓಡುತ್ತಿರುವುದು 4:35. ಅದು ನಿಮ್ಮ 10 ಕಿ.ಮೀ. ರೇಸ್‌ಗಿಂತ ಜೋರು! ಪ್ರತಿ ಗುರುವಾರ ನೀವು ಒಂದು ಸಣ್ಣ ರೇಸ್ ಓಡುತ್ತಿದ್ದೀರಿ. ಅದಾದ ಮೇಲೆ ಶನಿವಾರ ಇನ್ನೊಂದು, ಅದರ ಮರುದಿನವೇ ಉದ್ದ ಓಟ. ಕಾಲು ಎಲ್ಲಿಂದ ಏಳಬೇಕು?

ಥ್ರೆಶೋಲ್ಡ್ ವೇಗ ಅಂದರೆ ಮೈಯೆಲ್ಲ ಕೊಟ್ಟು ಒಂದು ಗಂಟೆ ಹಿಡಿಯಬಹುದಾದ ವೇಗ. ಆ ಗೆರೆಯ ಈಚೆಗೆ ರಕ್ತದಲ್ಲಿ ಲ್ಯಾಕ್ಟೇಟ್ ಹುಟ್ಟುವುದೂ ಬಳಕೆಯಾಗುವುದೂ ಸರಿದೂಗುತ್ತದೆ. ಗೆರೆ ದಾಟಿದರೆ ಅದು ಏರುತ್ತಲೇ ಹೋಗುತ್ತದೆ, ದಣಿವು ಬೇಗ ಬರುತ್ತದೆ. ನಿಮಗೆ ಆ ವೇಗ ಸುಮಾರು 4:48ರಿಂದ 4:52. ನಡುವೆ ಒಂದು ನಿಮಿಷ ಜಾಗ್ ಮಾಡುತ್ತ ಆರಾರು ನಿಮಿಷದ ತುಂಡುಗಳಾಗಿ ಓಡಿ, ಮೊದಲಿಗೆ ನಾಲ್ಕು ಸಾಕು. ತುಂಡು ಮಾಡಿದರೆ ಒಟ್ಟು ನಿಮಿಷ ಜಾಸ್ತಿ ಸಿಗುತ್ತದೆ, ಗೆರೆ ದಾಟುವ ಅಪಾಯ ಕಡಿಮೆ.

ಮಿಂಚು ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಕಾಲಿಗೆ ವೇಗ ಗೊತ್ತಿರಬೇಕು. ಆದರೆ ಇಪ್ಪತ್ತೊಂದು, ಇಪ್ಪತ್ತೆರಡು ನಿಮಿಷದ ಓಟದಲ್ಲಿ ಶಕ್ತಿಯ ಬಹುಪಾಲು ಆಮ್ಲಜನಕ ಬಳಸಿಯೇ ಬರುವುದು. 800 ಮೀಟರ್ ಓಟದ ಲೆಕ್ಕವನ್ನು ಇಲ್ಲಿ ಹಾಗೇ ಹಾಕಲಾಗಲ್ಲ. ಕೆರೆ ಏರಿಯವರು ಒಂದು 400 ಮೀಟರನ್ನು 101ಕ್ಕೆ ಈಗಲೇ ಓಡಬಲ್ಲರು, ನಾಲ್ಕನ್ನೂ ಓಡಬಲ್ಲರು. ಅವರಿಗೆ ಕೊರತೆ ಇರುವುದು ಒಂಬತ್ತನೆಯ ಸುತ್ತಿನಲ್ಲಿ. ಆ ಕೊರತೆಯನ್ನು ಥ್ರೆಶೋಲ್ಡ್ ಮತ್ತು ಈಸಿ ಕಿಲೋಮೀಟರ್ ತುಂಬುತ್ತವೆ. 95 ಸೆಕೆಂಡ್ ಅವರ ಒಂದು ಮೈಲಿ ರೇಸ್‌ನ ವೇಗಕ್ಕಿಂತಲೂ ಸ್ವಲ್ಪ ಜೋರು. ಅದನ್ನು ಹನ್ನೆರಡು ಸಲ ಮಾಡಿದರೆ ಮೂರು ದಿನ ಸುಧಾರಿಸಿಕೊಳ್ಳಬೇಕು.

ಕೆರೆ ಏರಿ, ಮೈಸೂರು

ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಇವತ್ತು 4:50ಕ್ಕೆ ಆರು ನಿಮಿಷ ನಾಲ್ಕು ಸಲ ಓಡಿದೆ. ಆದರೆ ಏನೂ ಮಾಡಿದ ಹಾಗೇ ಅನಿಸಲಿಲ್ಲ. ಇನ್ನೂ ಎರಡು ಸುಲಭವಾಗಿ ಆಗುತ್ತಿತ್ತು. ಕೈಗಡಿಯಾರ ನೋಡಿದರೆ ಹೃದಯ ಬಡಿತ 176, ಐದನೇ ಝೋನ್, ಅತಿ ಜೋರು ಅಂತ ಕೆಂಪು ತೋರಿಸುತ್ತಿದೆ. ಯಾವುದನ್ನು ನಂಬಬೇಕು?

ಪಿ.ಇ. ಮೇಷ್ಟ್ರು, ತುಮಕೂರು

ಗಡಿಯಾರ 220ರಲ್ಲಿ ವಯಸ್ಸು ಕಳೆದು ನಿಮ್ಮ ಗರಿಷ್ಠ ಬಡಿತ 184 ಅಂತ ಅಂದುಕೊಂಡಿರಬೇಕು. ಆ ಸೂತ್ರ ಗುಂಪಿನ ಸರಾಸರಿಗೆ ಸರಿ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಆಗುತ್ತದೆ. ಹೋದ ತಿಂಗಳ ರೇಸ್‌ನ ಕೊನೆಯಲ್ಲಿ ಎಷ್ಟಿತ್ತು ನೋಡಿ. 195 ಮುಟ್ಟಿದ್ದರೆ 176 ನಿಮಗೆ ಸರಿಯಾದ ಥ್ರೆಶೋಲ್ಡ್. ಇನ್ನೊಂದು ವಿಷಯ, ಮಣಿಕಟ್ಟಿನ ಸೆನ್ಸರ್ ಜೋರು ಓಟದಲ್ಲಿ ಕೆಲವು ಸಲ ಹೆಜ್ಜೆಯ ಲಯವನ್ನೇ ಬಡಿತ ಅಂತ ಎಣಿಸುತ್ತದೆ. ನಿಮ್ಮ ಹೆಜ್ಜೆ ನಿಮಿಷಕ್ಕೆ 176 ಇದ್ದರೆ ಅನುಮಾನ ಪಡಿ. ಎದೆಗೆ ಕಟ್ಟುವ ಪಟ್ಟಿ ಇದ್ದರೆ ಅದನ್ನೇ ನಂಬಿ.

ಇನ್ನೂ ಎರಡು ಆಗುತ್ತಿತ್ತು ಅಂದಿರಲ್ಲ, ಆ ದಿನ ಹಾಗೇ ಮುಗಿಯಬೇಕು. ಸರಿಯೋ ತಪ್ಪೋ ಅಂತ ನಾನು ಮೂರು ಕಡೆ ನೋಡುತ್ತೇನೆ. ಓಡುವಾಗ ನಾಲ್ಕೈದು ಪದದ ಒಂದು ವಾಕ್ಯ ಹೇಳಲು ಆಗಬೇಕು. ಕೊನೆಯ ತುಂಡು ಮೊದಲನೆಯದಕ್ಕಿಂತ ನಿಧಾನ ಆಗಬಾರದು, ಅದೇ ವೇಗಕ್ಕೆ ಬಡಿತ ಏರುತ್ತಲೇ ಹೋಗಬಾರದು. ಮೂರನೆಯದೇ ಮುಖ್ಯ: ಮರುದಿನದ ಈಸಿ ಓಟ ಎಂದಿನಂತೆ ಬರಬೇಕು. ಬುಧವಾರ 6:10ರ ವೇಗವೇ ಭಾರ ಅನಿಸಿದರೆ, ಮಂಗಳವಾರ ನೀವು ಗೆರೆ ದಾಟಿದ್ದೀರಿ. ಗಡಿಯಾರ ಏನೇ ಹೇಳಲಿ.

ಕಡಲ ಗಾಳಿ, ಮಂಗಳೂರು

ಈ ಅಂಕಿಗಳು ನಮ್ಮ ಊರಿಗೆ ನಡೆಯಲ್ಲ ಮೇಷ್ಟ್ರೇ. ನಾನು 24:10 ಓಡುವವಳು, ಥ್ರೆಶೋಲ್ಡ್ 5:10 ಅಂತ ಲೆಕ್ಕ ಸಿಗುತ್ತದೆ. ಮಂಗಳಾ ಸ್ಟೇಡಿಯಂನಲ್ಲಿ ಬೆಳಿಗ್ಗೆ ಐದೂವರೆಗೆ ಹೋದರೂ ಎರಡನೇ ತುಂಡಿಗೇ ಬಡಿತ ಮೇಲೆ ಹೋಗಿರುತ್ತದೆ. ಬೆವರು ಆರುವುದೇ ಇಲ್ಲ. ಇದೇ ಓಟವನ್ನು ಡಿಸೆಂಬರ್‌ನಲ್ಲಿ ಹಾಸನದ ಅಕ್ಕನ ಮನೆಗೆ ಹೋದಾಗ 5:08ಕ್ಕೆ ಆರಾಮಾಗಿ ಮುಗಿಸಿದೆ.

ಪಿ.ಇ. ಮೇಷ್ಟ್ರು, ತುಮಕೂರು

ಮೇಡಂ, ನೀವು ಹೇಳಿದ್ದು ಪೂರ್ತಿ ಸರಿ. ಬೆವರು ಆರದಿದ್ದರೆ ಮೈ ತಣ್ಣಗಾಗಲ್ಲ. ಆಗ ರಕ್ತ ಚರ್ಮದ ಕಡೆಗೂ ಹರಿಯಬೇಕು, ಕಾಲಿಗೆ ಸಿಗುವ ಪಾಲು ಕಡಿಮೆ ಆಗುತ್ತದೆ. ಅದೇ ವೇಗಕ್ಕೆ ಹೃದಯ ಜಾಸ್ತಿ ದುಡಿಯುತ್ತದೆ. ಕರಾವಳಿಯಲ್ಲಿ ಥ್ರೆಶೋಲ್ಡ್ ದಿನ ವೇಗದ ಅಂಕಿ ಮರೆತು ಬಡಿತ ಮತ್ತು ಉಸಿರು ನೋಡಿ ಓಡಿ. 5:25 ಬಂದರೂ ಸರಿ, ಒಳಗಿನ ಕೆಲಸ ಅದೇ. ತುಂಡಿನ ನಡುವಿನ ಬಿಡುವನ್ನು ಒಂದೂವರೆ ನಿಮಿಷ ಮಾಡಿ. 200, 400 ಮೀಟರ್‌ನಂಥ ಸಣ್ಣ ಓಟಗಳಲ್ಲಿ ಮಾತ್ರ ವೇಗ ಬಿಡಬೇಡಿ. ಅಲ್ಲಿ ಸೆಕೆ ಅಷ್ಟು ಕಾಡಲ್ಲ.

ಮಂಜು ಮೈದಾನ, ಲೀಡ್ಸ್

ನಾನು ಶಿವಮೊಗ್ಗದವನು, ಈಗ ಇಂಗ್ಲೆಂಡ್‌ನಲ್ಲಿದ್ದೇನೆ. ಇಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಪಾರ್ಕ್‌ರನ್ ಇರುತ್ತದೆ, 5 ಕಿ.ಮೀ., ದುಡ್ಡು ಕೊಡಬೇಕಿಲ್ಲ. ಮೊದಲು ವಾರವಾರವೂ ಅದನ್ನು ಪೂರ್ತಿ ಜೋರಲ್ಲಿ ಓಡುತ್ತಿದ್ದೆ. ಈಗ ಬೇರೆ ದಾರಿ ಹಿಡಿದಿದ್ದೇನೆ, ಮೇಷ್ಟ್ರ ಮಾತನ್ನೇ ಇನ್ನೂ ಮುಂದಕ್ಕೆ ಒಯ್ಯುವಂಥದ್ದು.

ನಾರ್ವೆಯ 5000 ಮೀಟರ್ ಓಟಗಾರ ಮಾರಿಯಸ್ ಬಾಕೆನ್ ಓಡುತ್ತಿರುವಾಗಲೇ ಬೆರಳ ರಕ್ತದ ಲ್ಯಾಕ್ಟೇಟ್ ಅಳೆದು, ಗೆರೆ ದಾಟದಂತೆ ನೋಡಿಕೊಂಡು ತರಬೇತಿ ಮಾಡಿದವರು. ಒಂದೇ ದಿನ ಬೆಳಿಗ್ಗೆ ಒಂದು, ಸಂಜೆ ಒಂದು ಥ್ರೆಶೋಲ್ಡ್. ಅದೇ ದೇಶದ ಓಟಗಾರರಾದ ಇಂಗೆಬ್ರಿಗ್ಟ್‌ಸೆನ್ ಸಹೋದರರಿಂದ ಅದು ಎಲ್ಲರಿಗೂ ಗೊತ್ತಾಯಿತು. ಕೆಲಸಕ್ಕೆ ಹೋಗುವ ನಮಗೆ ದಿನಕ್ಕೆ ಎರಡು ಆಗಲ್ಲ. ಅದಕ್ಕೇ ನಾನು ವಾರಕ್ಕೆ ಮೂರು ದಿನ, ಥ್ರೆಶೋಲ್ಡ್‌ಗಿಂತ ಸ್ವಲ್ಪ ಕೆಳಗೇ ಓಡುತ್ತೇನೆ. ಒಂದು ದಿನ 1 ಕಿ.ಮೀ. ತುಂಡುಗಳು, ಒಂದು ದಿನ 2 ಕಿ.ಮೀ., ಒಂದು ದಿನ ಹತ್ತು ನಿಮಿಷದವು. ಮಿಕ್ಕಿದ್ದೆಲ್ಲ ಬಹಳ ನಿಧಾನ. ಏದುಸಿರು ಬರುವ ಇಂಟರ್ವಲ್ ಒಂದೂ ಇಲ್ಲ. ಆದರೂ 5 ಕಿ.ಮೀ. ಸಮಯ ಇಳಿಯುತ್ತಲೇ ಇದೆ. ಕೆರೆ ಏರಿಯವರಿಗೆ ಟ್ರ್ಯಾಕ್ ಕೆಲಸವೇ ಬೇಡ ಅಂತ ನನ್ನ ಅಭಿಪ್ರಾಯ.

ಮಿಂಚು 400, ಬೆಂಗಳೂರು

ಇಂಟರ್ವಲ್ ಇಲ್ದೆ 5 ಕಿ.ಮೀ.! ರೇಸ್ ದಿನ ಮೂರನೇ ಕಿಲೋಮೀಟರಲ್ಲಿ ಉಸಿರು ಕಟ್ಟುವಾಗ ಏನು ಮಾಡ್ತೀರ? ಅದನ್ನ ಮೊದಲೇ ಅನುಭವಿಸಿರಬೇಕು.

ಪಿ.ಇ. ಮೇಷ್ಟ್ರು, ತುಮಕೂರು

ಲೀಡ್ಸ್‌ನವರ ದಾರಿ ಕೆಲಸ ಮಾಡುತ್ತದೆ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ತಿಂಗಳುಗಟ್ಟಲೆ ಗಾಯ ಇಲ್ಲದೆ ಮುಂದುವರಿಸಲು ಬಹಳ ಒಳ್ಳೆಯದು. ಆದರೆ ದಿನಾಂಕ ಗೊತ್ತಿರುವ ಒಂದು ರೇಸ್‌ಗೆ ಹನ್ನೆರಡು ವಾರ ಇದ್ದಾಗ, ಕೊನೆಯ ಆರೇಳು ವಾರದಲ್ಲಿ ರೇಸ್ ವೇಗದ ಕೆಲಸ ಬೇಕು ಅಂತ ನಾನು ಹೇಳುತ್ತೇನೆ. ನಮ್ಮ ಹುಡುಗರಲ್ಲಿ ಕಂಡಿದ್ದು ಅದು. ಥ್ರೆಶೋಲ್ಡ್ ಮಾತ್ರ ಮಾಡಿದವರು 4:20ರ ವೇಗಕ್ಕೆ ಬಂದ ತಕ್ಷಣ ಭುಜ ಬಿಗಿ ಹಿಡಿಯುತ್ತಾರೆ.

ನಾನಾದರೆ ಹೀಗೆ ಮಾಡುತ್ತೇನೆ. ಇದು ಕೆರೆ ಏರಿಯವರ 22:30ಕ್ಕೆ ಹೊಂದಿಸಿದ್ದು, ಬೇರೆಯವರು ಅಂಕಿಗಳನ್ನು ಹಾಗೇ ಎತ್ತಿಕೊಳ್ಳಬೇಡಿ.

ವಾರದ ಚೌಕಟ್ಟು ಹನ್ನೆರಡು ವಾರವೂ ಒಂದೇ. ಜೋರು ದಿನ ಎರಡೇ, ಮಂಗಳವಾರ ಮತ್ತು ಶುಕ್ರವಾರ. ನಡುವೆ ಎರಡು ದಿನ ಸಿಗುತ್ತದೆ. ಬುಧವಾರ ಮತ್ತು ಶನಿವಾರ ಈಸಿ, ಭಾನುವಾರ ಉದ್ದ ಓಟ, ಅದೂ ಈಸಿಯೇ. ಸೋಮವಾರ, ಗುರುವಾರ ಬಿಡುವು. ಕಿಲೋಮೀಟರ್ ಏರಿದ ವಾರಗಳಲ್ಲಿ ಗುರುವಾರ ಅರ್ಧ ಗಂಟೆ ಈಸಿ ಸೇರಿಸಿ. ಈಸಿ ಅಂದರೆ 5:50ರಿಂದ 6:20. ಪಕ್ಕದವರ ಜೊತೆ ಮನೆ ವಿಷಯ ಮಾತಾಡಿಕೊಂಡು ಹೋಗುವಷ್ಟು.

ಮೊದಲ ನಾಲ್ಕು ವಾರ 35, 38, 42 ಅಂತ ಏರಿಸಿ, ನಾಲ್ಕನೆಯ ವಾರ 32ಕ್ಕೆ ಇಳಿಸಿ. ಮಂಗಳವಾರ ಆರು ನಿಮಿಷದ ಥ್ರೆಶೋಲ್ಡ್ ನಾಲ್ಕು, ಆಮೇಲೆ ಐದು. ಶುಕ್ರವಾರ ಬೆಟ್ಟ. ಚಾಮುಂಡಿ ಬೆಟ್ಟದ ರಸ್ತೆಯ ಬುಡದಲ್ಲಿ, ಗಾಡಿ ಕಡಿಮೆ ಇರುವ ಹೊತ್ತಿಗೆ, ಹತ್ತು ಹನ್ನೆರಡು ಸೆಕೆಂಡ್ ಮೈಯೆಲ್ಲ ಕೊಟ್ಟು ಮೇಲಕ್ಕೆ ಓಡಿ, ನಡೆದುಕೊಂಡು ಇಳಿಯಿರಿ. ಎಂಟು ಸಲ ಸಾಕು. ಇದರಿಂದ ಏದುಸಿರು ದಣಿವು ಬರಲ್ಲ, ಕಾಲಿಗೆ ಬಲ ಬರುತ್ತದೆ. ಮಿಂಚು ಅವರು ಕೇಳುವ ಸ್ಪೀಡ್ ಶುರುವಾಗುವುದೇ ಇಲ್ಲಿ. ಏರಿನಲ್ಲಿ ಪಾದ ನೆಲಕ್ಕೆ ಬಡಿಯುವ ಏಟು ಕಡಿಮೆ ಇರುವುದರಿಂದ ಗಾಯದ ಭಯವೂ ಕಡಿಮೆ. ಮೀನಖಂಡ ಮಾತ್ರ ನೋಡಿಕೊಳ್ಳಿ.

ಐದರಿಂದ ಎಂಟನೆಯ ವಾರ 42, 45, 48, ಆಮೇಲೆ 36. ಈಗ ಥ್ರೆಶೋಲ್ಡ್ ಶುಕ್ರವಾರಕ್ಕೆ ಹೋಗುತ್ತದೆ, ಹತ್ತು ನಿಮಿಷ ಮೂರು ಸಲ. ಮಂಗಳವಾರ ಟ್ರ್ಯಾಕ್, 1 ಕಿ.ಮೀ. ಐದು ಸಲ, ನಡುವೆ ಎರಡೂವರೆ ನಿಮಿಷ ನಿಧಾನ ಜಾಗ್. ವೇಗ 4:12 ಅಲ್ಲ, 4:28. ಇವತ್ತಿನ ನಿಮ್ಮ ಶಕ್ತಿಗೆ ತಕ್ಕ ವೇಗ ಅದು. ಆಸೆಯ ವೇಗದಲ್ಲಿ ಓಡಿದರೆ ಮೂರನೆಯದಕ್ಕೆ ಕುಸಿಯುತ್ತೀರಿ. ಮೂರು ಒಳ್ಳೆಯದು ಮತ್ತು ಎರಡು ಕೆಟ್ಟದ್ದಕ್ಕಿಂತ ಐದು ಒಂದೇ ಸಮ ಇರುವುದು ಎಷ್ಟೋ ಮೇಲು. 48 ಕಿ.ಮೀ. ವಾರದಲ್ಲೂ ಜೋರು ಓಟ ಸುಮಾರು 11 ಕಿ.ಮೀ. ಮಾತ್ರ ಆಗುತ್ತದೆ, ನೋಡಿ.

ಎಂಟನೆಯ ವಾರದ ಕೊನೆಗೆ ಒಂದು 3 ಕಿ.ಮೀ. ಪರೀಕ್ಷೆ. ಮುಂದಿನ ವೇಗವನ್ನು ಅದು ಹೇಳುತ್ತದೆ, ಆದ್ದರಿಂದ ಒಂಬತ್ತನೆಯ ವಾರದ ಮೇಲಿನದು ಆಗ ಬರೆಯುತ್ತೇನೆ.

ಹೊಸ ಶೂ, ಹುಬ್ಬಳ್ಳಿ

ಮೇಷ್ಟ್ರ ಲೆಕ್ಕ ನೋಡಿ ನಾನೂ ಶುರು ಮಾಡಿದೆ. ವಾರಕ್ಕೆ 20 ಕಿ.ಮೀ. ಇದ್ದದ್ದು ನೇರ 42ಕ್ಕೆ ಹೋದೆ, ಸಮಯ ಇರಲಿಲ್ಲ ಅಂತ. ಈಗ ಮೊಣಕಾಲ ಕೆಳಗೆ, ಮುಂದಿನ ಮೂಳೆಯ ಒಳಬದಿ ನೋವು. ಓಡಿದ ಮೇಲೆ ಕಡಿಮೆ ಆಗುತ್ತದೆ, ರಾತ್ರಿ ಮತ್ತೆ ಬರುತ್ತದೆ. ಶೂ ಬದಲಿಸಲಾ?

ಪಿ.ಇ. ಮೇಷ್ಟ್ರು, ತುಮಕೂರು

ಶೂ ಆಮೇಲೆ. ಬೆರಳಿನಿಂದ ಮೂಳೆಯ ಉದ್ದಕ್ಕೂ ಒತ್ತಿ ನೋಡಿ. ಒಂದು ಗೇಣಿನಷ್ಟು ಜಾಗ ಪೂರ್ತಿ ನೋಯುತ್ತಿದ್ದರೆ ಅದು ಮೂಳೆಗೆ ಅಂಟಿದ ಭಾಗದ ಉರಿ ಇರಬಹುದು. ಕಿಲೋಮೀಟರ್ ಅರ್ಧಕ್ಕಿಂತ ಕಡಿಮೆ ಮಾಡಿ, ಜೋರು ಓಟ ನಿಲ್ಲಿಸಿ. ಒಂದೇ ಚುಕ್ಕೆಯಲ್ಲಿ ಚುಚ್ಚುವ ನೋವಿದ್ದರೆ, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ನೋಯುತ್ತಿದ್ದರೆ, ರಾತ್ರಿ ನಿದ್ದೆಯಲ್ಲೂ ಕಾಡುತ್ತಿದ್ದರೆ ಮೂಳೆ ಸಣ್ಣದಾಗಿ ಬಿರುಕು ಬಿಟ್ಟಿರಬಹುದು. ಒಂದು ಹೆಜ್ಜೆಯೂ ಓಡದೆ ಮೂಳೆ ಡಾಕ್ಟರಿಗೆ ತೋರಿಸಿ. ಮೊದಲ ದಿನಗಳ ಎಕ್ಸ್‌ರೇಯಲ್ಲಿ ಇದು ಕಾಣಿಸದೆ ಇರಬಹುದು, ಅದನ್ನೂ ಕೇಳಿ. ರಾತ್ರಿ ಬರುತ್ತದೆ ಅಂದಿರಿ, ನನಗೆ ಅದು ಇಷ್ಟ ಆಗಲಿಲ್ಲ.

ಕೆರೆ ಏರಿ, ಮೈಸೂರು

ಆರನೆಯ ವಾರ ನಡೆಯುತ್ತಿದೆ. ಒಂದು ಅನುಮಾನ. ಟ್ರ್ಯಾಕ್‌ನಲ್ಲಿ ಮೊದಲ ಲೇನ್‌ನಲ್ಲಿ ಓಡಲು ಬಿಡುವುದಿಲ್ಲ, ಅಲ್ಲಿ ಕ್ರೀಡಾಶಾಲೆಯ ಮಕ್ಕಳು ಇರುತ್ತಾರೆ. ನಾನು ನಾಲ್ಕನೇ ಲೇನ್‌ನಲ್ಲಿ ಎರಡೂವರೆ ಸುತ್ತು ಓಡಿ 1 ಕಿ.ಮೀ. ಅಂದುಕೊಂಡೆ. 4:39 ಬಂತು! ಗಡಿಯಾರದ ಜಿಪಿಎಸ್ ನೋಡಿದರೆ ಬೇರೆಯೇ ಹೇಳುತ್ತದೆ. ನಾನು ನಿಧಾನ ಆಗುತ್ತಿದ್ದೇನಾ?

ಮಿಂಚು 400, ಬೆಂಗಳೂರು

ಇದು ನನ್ನ ಜಾಗ! ಮೊದಲ ಲೇನ್ ಮಾತ್ರ 400 ಮೀಟರ್. ನಾಲ್ಕನೇ ಲೇನ್ ಸುತ್ತು ಸುಮಾರು 422, ಎಂಟನೆಯದು 453. ನೀವು ಓಡಿದ್ದು 1 ಕಿ.ಮೀ. ಅಲ್ಲ, 1055 ಮೀಟರ್. 4:39ನ್ನ ಅದಕ್ಕೆ ಹಂಚಿದರೆ 4:24ರ ವೇಗ ಬರುತ್ತೆ. ನಿಧಾನ ಎಲ್ಲಿ, ಮೇಷ್ಟ್ರು ಹೇಳಿದ್ದಕ್ಕಿಂತ ಜೋರಾಗಿಯೇ ಓಡಿದ್ದೀರ. ಜಿಪಿಎಸ್ ತಿರುವುಗಳಲ್ಲಿ ತಪ್ಪುತ್ತೆ, ಟ್ರ್ಯಾಕಲ್ಲಿ ಅದನ್ನ ನೋಡಲೇಬೇಡಿ.

ಪಿ.ಇ. ಮೇಷ್ಟ್ರು, ತುಮಕೂರು

ಮಿಂಚು ಸರಿಯಾಗಿ ಹೇಳಿದರು. 4:24 ಜೋರಾಯಿತು, ಆದರೆ ಐದೂ ಒಂದೇ ಸಮ ಬಂದಿದ್ದರೆ ಬಿಡಿ.

ಕೆರೆ ಏರಿ, ಮೈಸೂರು

ಎಂಟನೆಯ ವಾರ ಮುಗಿಯಿತು. 3 ಕಿ.ಮೀ. ಪರೀಕ್ಷೆ 12:40. ಮೊದಲ ಕಿಲೋಮೀಟರ್ 4:15, ಆಮೇಲೆ 4:15, ಕೊನೆಯದು 4:10. ಚಳಿ ಚೆನ್ನಾಗಿತ್ತು, ಗಾಳಿ ಇರಲಿಲ್ಲ. ವಾರಕ್ಕೆ 48 ಕಿ.ಮೀ. ಓಡಿದರೂ ಭಾನುವಾರ ಕಾಲು ಹಗುರ. ಹಿಂದೆ 35ಕ್ಕೇ ಸುಸ್ತಾಗುತ್ತಿತ್ತು.

ಮಿಂಚು 400, ಬೆಂಗಳೂರು

ಸೂಪರ್! ಇನ್ನು 4:12ಕ್ಕೇ ಎಲ್ಲಾ ರೆಪ್. 21 ಗ್ಯಾರಂಟಿ.

ಪಿ.ಇ. ಮೇಷ್ಟ್ರು, ತುಮಕೂರು

ಖುಷಿ ಆಯಿತು. ಆದರೆ 3 ಕಿ.ಮೀ. 12:40 ಅಂದರೆ 5 ಕಿ.ಮೀ.ಗೆ ಇವತ್ತು ಸುಮಾರು 21:45. ಇನ್ನು ನಾಲ್ಕು ವಾರದಲ್ಲಿ, ರೇಸ್‌ಗೆ ಮುಂಚೆ ದೂರ ಇಳಿಸುವ ಟೇಪರ್ ಸೇರಿ, ಹತ್ತು ಹದಿನೈದು ಸೆಕೆಂಡ್ ಸಿಗಬಹುದು. ಅಂದರೆ 21:30ರ ಸುತ್ತ. 21ರ ಒಳಗೆ ಬರುವುದು ಈ ಸಲ ಕಷ್ಟ, ಮುಂದಿನ ಸಲದ ಕೆಲಸ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ 4:12ಕ್ಕೆ ಶುರು ಮಾಡಿದರೆ ಕೊನೆಯ ಎರಡು ಕಿಲೋಮೀಟರ್ ಕೈಬಿಡುತ್ತದೆ.

ಒಂಬತ್ತು ಮತ್ತು ಹತ್ತನೆಯ ವಾರ 46 ಕಿ.ಮೀ. ಸಾಕು, ಇನ್ನು ಏರಿಸಬೇಡಿ. ಮಂಗಳವಾರ 800 ಮೀಟರ್ ಆರು ಸಲ, ಒಂದೊಂದು 3:28ಕ್ಕೆ, ಎರಡು ನಿಮಿಷ ಜಾಗ್. ಶುಕ್ರವಾರ ಹತ್ತು ನಿಮಿಷದ ಥ್ರೆಶೋಲ್ಡ್ ಎರಡು, ಈಗ 4:40ರಿಂದ 4:43ರಲ್ಲಿ. ಅದಾದ ಮೇಲೆ ಐದು ನಿಮಿಷ ಬಿಡುವು ತೆಗೆದುಕೊಂಡು 200 ಮೀಟರ್ ಆರು ಸಲ, 47 ಸೆಕೆಂಡಿಗೆ, ಅಷ್ಟೇ ದೂರ ಪೂರ್ತಿ ನಿಧಾನ. ಮಿಂಚು ಅವರಿಗೆ ಬೇಕಾದ ಸ್ಪೀಡ್ ಇದು, ಬುಡ ಗಟ್ಟಿಯಾದ ಮೇಲೆ. ಹನ್ನೊಂದನೆಯ ವಾರ 38 ಕಿ.ಮೀ., ಅದರ ಮಂಗಳವಾರ 1 ಕಿ.ಮೀ. ಐದು ಸಲ 4:20ಕ್ಕೆ, ಬಿಡುವು ಎರಡೇ ನಿಮಿಷ. ರೇಸ್‌ಗೆ ಹನ್ನೆರಡು ದಿನ ಮುಂಚಿನ ಈ ಓಟವೇ ನಿಮ್ಮ ಕೊನೆಯ ದೊಡ್ಡ ಕೆಲಸ. ಅಲ್ಲಿಂದ ಮುಂದೆ ಏನು ಸೇರಿಸಿದರೂ ರೇಸ್ ದಿನಕ್ಕೆ ಅದು ಲಾಭವಾಗಿ ಬರಲ್ಲ, ದಣಿವಾಗಿ ಬರುತ್ತದೆ.

ಕೊನೆಯ ವಾರ ರೇಸ್ ಬಿಟ್ಟು 22 ಕಿ.ಮೀ. ಬುಧವಾರ ರೇಸ್ ವೇಗದಲ್ಲಿ 400 ಮೀಟರ್ ನಾಲ್ಕು ಸಲ, 103 ಸೆಕೆಂಡಿಗೆ. ಪೂರ್ತಿ ಮಲಗಿಬಿಡಬೇಡಿ, ಕಾಲು ಮಂಕಾಗುತ್ತದೆ. ದೂರ ಇಳಿಸಿ, ವೇಗ ಇಳಿಸಬೇಡಿ.

ಮಂಜು ಮೈದಾನ, ಲೀಡ್ಸ್

3 ಕಿ.ಮೀ. ಪರೀಕ್ಷೆ ಚೆನ್ನಾಗಿ ಬಂದದ್ದು ಥ್ರೆಶೋಲ್ಡ್‌ನಿಂದಲೇ ಅಂತ ನಾನು ಈಗಲೂ ಹೇಳುತ್ತೇನೆ. ಟ್ರ್ಯಾಕ್ ಶುರುವಾಗಿ ನಾಲ್ಕೇ ವಾರ ಆಗಿತ್ತು.

ಪಿ.ಇ. ಮೇಷ್ಟ್ರು, ತುಮಕೂರು

ಇರಬಹುದು. ಬೆರೆಸಿ ಮಾಡಿದಾಗ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ನನಗೂ ಆಗಲ್ಲ.

ಕೆರೆ ಏರಿ, ಮೈಸೂರು

ರೇಸ್ ಮುಗಿಸಿ ಬಂದೆ. 21:36. ಕಿಲೋಮೀಟರ್ ಲೆಕ್ಕ 4:19, 4:20, 4:22, 4:21, 4:14. ಮೊದಲ ಕಿಲೋಮೀಟರ್‌ನಲ್ಲಿ ಎಲ್ಲರೂ ನನ್ನನ್ನು ದಾಟಿ ಹೋದರು, ತಡೆದುಕೊಳ್ಳುವುದು ಕಷ್ಟ ಆಯಿತು. ಮೂರರ ನಂತರ ನಾನು ಒಬ್ಬೊಬ್ಬರನ್ನೇ ದಾಟಿದೆ. ಹೋದ ಸಲ ಮೂರನೆಯದು 4:35, ನಾಲ್ಕನೆಯದು 4:41 ಇತ್ತು. ಕೊನೆಯದನ್ನು 4:14 ಓಡಲು ಆಗಿದೆ ಅಂದರೆ ಇನ್ನೂ ಉಳಿದಿತ್ತಾ ಅಂತ ಯೋಚನೆ.

ಕಡಲ ಗಾಳಿ, ಮಂಗಳೂರು

ಅಭಿನಂದನೆ! ನಾನು ಬಡಿತ ನೋಡಿಕೊಂಡೇ ಓಡುತ್ತಿದ್ದೇನೆ. ವೇಗ 5:25ರಿಂದ 5:18ಕ್ಕೆ ತಾನಾಗಿಯೇ ಬಂದಿದೆ, ಅದೇ ಬಡಿತಕ್ಕೆ.

ಪಿ.ಇ. ಮೇಷ್ಟ್ರು, ತುಮಕೂರು

ಉಳಿದಿತ್ತು, ಆದರೆ ಐದಾರು ಸೆಕೆಂಡ್ ಅಷ್ಟೇ. ಮೂರು ಮತ್ತು ನಾಲ್ಕನೆಯದನ್ನು 4:19ಕ್ಕೆ ಹಿಡಿದಿದ್ದರೆ 21:31 ಆಗುತ್ತಿತ್ತು. ಆ ಎರಡು ಕಿಲೋಮೀಟರ್‌ನಲ್ಲಿ ಎಲ್ಲರೂ ಸ್ವಲ್ಪ ಸಡಿಲ ಬಿಡುತ್ತಾರೆ, ರೇಸ್ ಜಾಸ್ತಿ ಓಡಿದ ಹಾಗೆ ಅದು ಸರಿಹೋಗುತ್ತದೆ. ಈಗ ಹತ್ತು ದಿನ ಗಡಿಯಾರ ನೋಡದೆ ಓಡಿ, ಜೋರು ಓಟ ಬೇಡ. ಆಮೇಲೆ 42ರಿಂದ ಶುರು ಮಾಡಿ ನಿಧಾನವಾಗಿ 52ಕ್ಕೆ ಹೋಗೋಣ. ಥ್ರೆಶೋಲ್ಡ್ ಈಗ 4:37ರ ಹತ್ತಿರ.

ಮಂಜು ಮೈದಾನ, ಲೀಡ್ಸ್

ಮುಂದಿನ ಸಲದ ಮೊದಲ ಆರು ವಾರ ನನ್ನ ದಾರಿಯಲ್ಲಿ ಮಾಡಿ ನೋಡಿ. ಬೆಟ್ಟ, ಟ್ರ್ಯಾಕ್ ಎರಡೂ ಬೇಡ, ಮೂರು ದಿನ ಥ್ರೆಶೋಲ್ಡ್‌ನ ಕೆಳಗೆ, 4:42ರ ಆಸುಪಾಸು.

ಕೆರೆ ಏರಿ, ಮೈಸೂರು

ಮೇಷ್ಟ್ರು ಒಪ್ಪಿದರೆ ಹಾಗೇ ಮಾಡುತ್ತೇನೆ. ಆರನೆಯ ವಾರದ ಕೊನೆಗೆ ಮತ್ತೆ 3 ಕಿ.ಮೀ. ಓಡಿ ಇಲ್ಲೇ ಬರೆಯುತ್ತೇನೆ.

ಪಿ.ಇ. ಮೇಷ್ಟ್ರು, ತುಮಕೂರು

ಮಾಡಿ. ಆದರೆ ಬೆಟ್ಟದ ಎಂಟು ಓಟ ಬಿಡಬೇಡಿ, ಶನಿವಾರದ ಈಸಿ ಓಟದ ಕೊನೆಗೆ ಇಟ್ಟುಕೊಳ್ಳಿ. ಮಾರ್ಚ್ ಬಂದರೆ ಮೈಸೂರಲ್ಲೂ ಬಿಸಿಲು ಏರುತ್ತದೆ, ಆಗ 4:42ಕ್ಕೆ ಅಂಟಿಕೊಳ್ಳದೆ ಮಂಗಳೂರು ಮೇಡಂ ಮಾಡಿದ ಹಾಗೆ ಬಡಿತ ನೋಡಿ ಓಡಿ.